ಒಟಿಪಿ ಹೇಳಿದ ಗಳಿಗೆಯಿಂದ ಪಾರ್ಸೆಲ್ ನಿಮ್ಮದು, ಅದು ಯಾರ ಮನೆಯಲ್ಲಿದ್ದರೂ

ಆಯಿಗೆ ಬಲಗಿವಿ ಕೇಳಿಸುವುದು ಕಡಿಮೆಯಾಗಿ ಎರಡು ವರ್ಷವಾಗಿತ್ತು. ಈ ಬಾರಿ ಚೌತಿಗೆ ಊರಿಗೆ ಹೋಗುವಾಗ ಕಿವಿ ಮಷಿನ್ ಕೊಂಡೊಯ್ಯಬೇಕೆಂದು ಆನ್‌ಲೈನಿನಲ್ಲಿ 14,500 ರೂಪಾಯಿಯದೊಂದನ್ನು ತರಿಸಿದೆ. ಅದು ಆಯಿಯ ಕಿವಿಗೆ ಸೇರುವಷ್ಟರಲ್ಲಿ ಸುಮಾರು ಎರಡು ತಿಂಗಳು ಕಳೆಯಿತು. ಕಳ್ಳತನ ನಡೆಯಲಿಲ್ಲ, ಯಾರೂ ಮೋಸ ಮಾಡಲಿಲ್ಲ. ಫೋನಿನಲ್ಲಿ ನಾನು ಆರು ಅಂಕಿ ಹೇಳಿದೆ, ಅಷ್ಟೇ.

ನಾವಿರುವುದು ಕಾರವಾರದಲ್ಲಿ, ನಾಲ್ಕು ವಿಂಗ್‌ಗಳ ಅಪಾರ್ಟ್‌ಮೆಂಟಿನ ಬಿ-304ರಲ್ಲಿ. ಅಂದರೆ ಇಲ್ಲಿ 304 ಎಂಬ ಮನೆಗಳು ನಾಲ್ಕಿವೆ. ಚೌತಿಗೆ ಎರಡು ದಿನವಿರುವಾಗ ಮಧ್ಯಾಹ್ನ ಡೆಲಿವರಿ ಹುಡುಗನ ಫೋನು ಬಂತು. ನಾನು ಅಂಕೋಲಾದ ಕಚೇರಿಯಲ್ಲಿದ್ದೆ, ಹೆಂಡತಿ ಪೇಟೆಯಲ್ಲಿದ್ದಳು. "ಸೆಕ್ಯುರಿಟಿ ಹತ್ತಿರ ಇಡಲೇ ಸರ್? ಒಟಿಪಿ ಹೇಳಿಬಿಡಿ. ಇಲ್ಲವಾದರೆ ವಾಪಸ್ ಒಯ್ಯಬೇಕಾಗುತ್ತದೆ" ಎಂದ. ವಾಪಸ್ ಹೋದರೆ ಚೌತಿಗೆ ಸಿಗುವುದಿಲ್ಲ ಎಂಬ ಹೆದರಿಕೆಯಲ್ಲಿ ಹೇಳಿಬಿಟ್ಟೆ. ಸಂಜೆ ಬಂದಾಗ ಜೋರು ಮಳೆ, ಕ್ಯಾಬಿನ್ನಿನಲ್ಲಿ ಯಾರೂ ಇರಲಿಲ್ಲ. ಶಿರಸಿಯ ಕಡೆ ಹೊರಟಿದ್ದ ಕಾರು ಕಾಯುತ್ತಿತ್ತು. ಇರಲಿ, ಬಂದ ಮೇಲೆ ತೆಗೆದುಕೊಂಡರಾಯಿತು, ಆಯಿಗೆ ಆಮೇಲೆ ಕಳಿಸಿದರಾಯಿತು ಎಂದು ಹೊರಟೆ. ಈ 'ಇರಲಿ' ಎಂಬುದಕ್ಕೆ ನಾನು ತೆತ್ತ ಬೆಲೆಯನ್ನು ಮುಂದೆ ಹೇಳುತ್ತೇನೆ.

ಆರು ದಿನ ಬಿಟ್ಟು ಬಂದು ನೋಡಿದರೆ ಕ್ಯಾಬಿನ್ನಿನಲ್ಲಿ ಪೆಟ್ಟಿಗೆ ಇಲ್ಲ. ಅಂದಿನ ಕಾವಲುಗಾರ ರಜೆ ಹಾಕಿ ಹಾವೇರಿಗೆ ಹೋಗಿದ್ದ. ಬದಲಿಗೆ ಬಂದವನಿಗೆ ಏನೂ ಗೊತ್ತಿರಲಿಲ್ಲ. ರಿಜಿಸ್ಟರ್ ತೆಗೆಸಿದೆ. ತಾರೀಕು, ಸಮಯ, ಕೊರಿಯರ್, ಮನೆ ಸಂಖ್ಯೆ, ಸಹಿ ಎಂದು ಐದು ಕಾಲಮ್ಮು. ವಿಂಗ್‌ಗೆ ಪ್ರತ್ಯೇಕ ಕಾಲಮ್ಮೇ ಇಲ್ಲ. ನನ್ನ ಸಾಲಿನಲ್ಲಿ ಬರೀ '304' ಎಂದಿತ್ತು, ಪಕ್ಕದಲ್ಲಿ ಕೋಳಿ ಕೆದರಿದಂತಹ ಒಂದು ಸಹಿ. ಯಾರೋ ಒಯ್ದಿದ್ದಾರೆ, ಯಾರೆಂದು ತಿಳಿಯದು.

ಸಿಸಿಟಿವಿ ನೋಡೋಣವೆಂದರೆ ಪಾಸ್‌ವರ್ಡ್ ಕಾರ್ಯದರ್ಶಿಯವರೊಬ್ಬರ ಹತ್ತಿರವೇ ಇತ್ತು, ಅವರು ಚೌತಿಗೆ ಹೊನ್ನಾವರಕ್ಕೆ ಹೋಗಿದ್ದರು. ಎರಡು ದಿನದ ಮೇಲೆ ಅವರು ಬಂದು ತೆರೆದಾಗ ನಮಗೆ ಬೇಕಾದ ದಿನ ಅಳಿಸಿಹೋಗಿತ್ತು. ಡಿವಿಆರ್ ಪೆಟ್ಟಿಗೆಯ ಹಾರ್ಡ್‌ಡಿಸ್ಕ್ ತುಂಬಿದ ಕೂಡಲೇ ಹಳೆಯ ದಿನದ ಮೇಲೆ ಹೊಸ ದಿನ ಬರೆದುಕೊಳ್ಳುತ್ತದೆ. ಡಿಸ್ಕ್ ಚಿಕ್ಕದಾಗಿ ಕ್ಯಾಮರಾ ಹೆಚ್ಚಿದ್ದಷ್ಟೂ ಉಳಿಯುವ ದಿನಗಳು ಕಡಿಮೆ. ನಮ್ಮದರಲ್ಲಿ ಏಳೇ ದಿನ. ಕ್ಯಾಮರಾ ಇದೆ ಎಂದು ಧೈರ್ಯದಿಂದಿರುವವರು ತಮ್ಮ ಕಟ್ಟಡದಲ್ಲಿ ಎಷ್ಟು ದಿನದ್ದು ಉಳಿಯುತ್ತದೆ ಎಂದು ಇವತ್ತೇ ಕೇಳಿ ನೋಡಿ.

ಉಳಿದದ್ದು ಬಾಗಿಲು ಬಡಿಯುವ ಕೆಲಸ. ಎ-304 ಮತ್ತು ಸಿ-304ರವರು ನಮಗೆ ಬಂದಿಲ್ಲ ಎಂದರು. ಡಿ-304ಕ್ಕೆ ಬೀಗ. ಅವರು ಹೊಸ ಬಾಡಿಗೆದಾರರು, ಸಂಘದ ಪಟ್ಟಿಯಲ್ಲಿದ್ದದ್ದು ಪುಣೆಯಲ್ಲಿರುವ ಮನೆಮಾಲೀಕರ ನಂಬರು, ಅದೂ ಹತ್ತುತ್ತಿರಲಿಲ್ಲ. ಹದಿಮೂರನೆಯ ದಿನ ಆ ಕುಟುಂಬ ಕುಮಟಾದಿಂದ ಮರಳಿತು. ನಾನು ಕೇಳುವ ಮೊದಲೇ ಅಲ್ಲಿಯ ಅಕ್ಕ ಫ್ರಿಜ್ಜಿನ ಮೇಲಿಂದ ಪೆಟ್ಟಿಗೆ ತಂದುಕೊಟ್ಟರು. ಅವರಿಗೂ ಅದೇ ದಿನ ಒಂದು ಪಾರ್ಸೆಲ್ ಬರುವುದಿತ್ತು. ಕಾವಲುಗಾರ ಇಂಟರ್‌ಕಾಮ್ ಮಾಡಿದಾಗ ಮಗ ಇಳಿದು ಹೋಗಿ ಸಹಿ ಹಾಕಿ ತಂದಿದ್ದ, ಬಸ್ಸಿನ ಗಡಿಬಿಡಿಯಲ್ಲಿ ಹೆಸರು ನೋಡಿರಲಿಲ್ಲ. ಅವರ ಮುಖ ಸಪ್ಪಗಾದದ್ದನ್ನು ನೋಡಿ ನನಗೇ ಸಂಕೋಚವಾಯಿತು.

ಎಡವಟ್ಟಿಗೆ ಕಾರಣ ಪೆಟ್ಟಿಗೆಗೆ ಅಂಟಿಸಿದ್ದ ವಿಳಾಸದ ಚೀಟಿಯಲ್ಲೇ ಇತ್ತು. ಪೆಟ್ಟಿಗೆ ಅಂಗೈಯಷ್ಟು, ಚೀಟಿ ಅದಕ್ಕಿಂತ ದೊಡ್ಡದು. ನನ್ನ ವಿಳಾಸದ ಮೊದಲ ಸಾಲಿನಲ್ಲಿ 'ಫ್ಲ್ಯಾಟ್ 304' ಎಂದಿದ್ದು, 'ಬಿ ವಿಂಗ್' ಎಂಬುದು ಮೂರನೆಯ ಸಾಲಿನಲ್ಲಿತ್ತು. ಆ ಸಾಲು ಪೆಟ್ಟಿಗೆಯ ಅಂಚಿನಲ್ಲಿ ಮಡಚಿಕೊಂಡು ಅಡಿಗೆ ಹೋಗಿ, ಮೇಲೆ ಟೇಪು ಬಿದ್ದಿತ್ತು. ಅಂದೇ ಆ್ಯಪಿನಲ್ಲಿ ವಿಳಾಸ ತಿದ್ದಿದೆ. ಈಗ ಮೊದಲ ಸಾಲು 'ಬಿ-304' ಎಂದೇ ಶುರುವಾಗುತ್ತದೆ.

ಸಿಕ್ಕಿತಲ್ಲ ಎಂದು ನಿಟ್ಟುಸಿರು ಬಿಟ್ಟು ಪೆಟ್ಟಿಗೆ ಒಡೆದರೆ ಮಷಿನಿನ ಮೇಲೆ ನೀಲಿ ಗುರುತು. ಕಿವಿ ಮಷಿನ್‌ಗಳಲ್ಲಿ ಕೆಂಪು ಗುರುತು ಬಲಗಿವಿಯದು, ನೀಲಿ ಎಡಗಿವಿಯದು. ನಾನು ಬಲಗಿವಿಯದಕ್ಕೆ ದುಡ್ಡು ಕೊಟ್ಟಿದ್ದೆ. ಬಂದದ್ದರ ತಂತಿ ಎಡಗಿವಿಗೆ ಹೊಂದುವಂತೆ ಬಾಗಿತ್ತು. ಬದಲಾಯಿಸಿಕೊಳ್ಳಲು ಹೋದರೆ ಆ್ಯಪಿನಲ್ಲಿ ಗುಂಡಿಯೇ ಇಲ್ಲ. ಬದಲಾವಣೆಗೆ ಇದ್ದದ್ದು ಏಳು ದಿನ, ಅದು ನಾನು ಒಟಿಪಿ ಹೇಳಿದ ಮಧ್ಯಾಹ್ನದಿಂದಲೇ ಎಣಿಕೆಯಾಗಿತ್ತು. ಪೆಟ್ಟಿಗೆ ಯಾವ ಫ್ರಿಜ್ಜಿನ ಮೇಲೆ ಕುಳಿತಿತ್ತು ಎಂಬುದು ಅವರ ಲೆಕ್ಕಕ್ಕೆ ಬರುವುದಿಲ್ಲ. ಗ್ರಾಹಕ ಸೇವೆಗೆ ಫೋನು ಮಾಡಿದರೆ ಮೂರು ಸಲವೂ ಒಂದೇ ಉತ್ತರ: "ಒಟಿಪಿ ದಾಖಲಾಗಿದೆ, ನಿಮಗೇ ತಲುಪಿದೆ."

ಇಲ್ಲಿ ನಾನೊಂದು ತಪ್ಪು ಮಾಡುವುದರಲ್ಲಿದ್ದೆ. ಸಿಟ್ಟಿಗೆ 'ಪಾರ್ಸೆಲ್ ತಲುಪಿಯೇ ಇಲ್ಲ' ಎಂದು ದೂರು ಬರೆದಿದ್ದೆ. ಕಳಿಸುವ ಮುನ್ನ ಹೆಂಡತಿ ಓದಿ, "ಇದು ಸುಳ್ಳಲ್ಲವೇ? ನಡೆದದ್ದನ್ನೇ ಬರೆಯಿರಿ" ಎಂದಳು. ಅವಳು ಹೇಳಿದ್ದೇ ಕೆಲಸ ಮಾಡಿತು. ಒಟಿಪಿಯನ್ನು ಫೋನಿನಲ್ಲಿ ಹೇಳಿದ್ದು ಹೌದು ಎಂದು ಒಪ್ಪಿಕೊಂಡೇ ಹೊಸದಾಗಿ ಬರೆದೆ. ಹುಡುಗನ ಕರೆ 1:40ಕ್ಕೆ ಬಂದದ್ದು, ಎರಡು ನಿಮಿಷದ ನಂತರ ಡೆಲಿವರಿ ದಾಖಲಾದದ್ದು, ಎರಡನ್ನೂ ಚಿತ್ರವಾಗಿ ಲಗತ್ತಿಸಿದೆ. ಕೈಗೆ ಕೊಟ್ಟವನು ಫೋನು ಏಕೆ ಮಾಡಬೇಕಿತ್ತು? ಆ್ಯಪಿನಲ್ಲೇ ಇದ್ದ ಡೆಲಿವರಿ ಫೋಟೊದಲ್ಲಿ ನನ್ನ ಬಾಗಿಲು ಇರಲಿಲ್ಲ, ಕ್ಯಾಬಿನ್ನಿನ ಮೇಜು ಇತ್ತು. ರಿಜಿಸ್ಟರಿನ ಪುಟದ ಫೋಟೊ, ಡಿ-304ರವರು ಬರೆದುಕೊಟ್ಟ ನಾಲ್ಕು ಸಾಲು, ನೀಲಿ ಗುರುತಿನ ಫೋಟೊ ಸೇರಿಸಿದೆ. ಕೇಳಿದ್ದು ಒಂದೇ: ತಪ್ಪು ಕಿವಿಯದನ್ನು ಕಳಿಸಿದ್ದೀರಿ, ಸರಿಯಾದದ್ದನ್ನು ಕೊಡಿ.

ಇದನ್ನು ಗ್ರಾಹಕ ಸೇವೆಯ ಚಾಟ್‌ಗೆ ಹಾಕದೆ ಕಂಪನಿಯ ಕುಂದುಕೊರತೆ ಅಧಿಕಾರಿಗೆ ಕಳಿಸಿದೆ. 2020ರ ಇ-ವಾಣಿಜ್ಯ ನಿಯಮಗಳ ಪ್ರಕಾರ ಇಂತಹ ಕಂಪನಿಗಳು ಆ ಅಧಿಕಾರಿಯ ಹೆಸರು, ವಿಳಾಸ ಪ್ರಕಟಿಸಿರಬೇಕು. ದೂರು ಸಿಕ್ಕಿದೆ ಎಂದು ಅವರು 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳೊಳಗೆ ಇತ್ಯರ್ಥ ಮಾಡಬೇಕು. ಜೊತೆಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೂ ಕರೆ ಮಾಡಿ ದೂರು ದಾಖಲಿಸಿದೆ. ಅದಕ್ಕೂ ಬಗ್ಗದಿದ್ದರೆ ಇಲ್ಲೇ ಕಾರವಾರದ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುವವನಿದ್ದೆ. ಐದು ಲಕ್ಷದವರೆಗಿನ ವಸ್ತುವಿಗೆ ಅಲ್ಲಿ ಶುಲ್ಕವಿಲ್ಲ, ಎರಡು ವರ್ಷದೊಳಗೆ ದೂರು ಕೊಡಬಹುದು. ಹೋಗಬೇಕಾಗಲಿಲ್ಲ, ಇಪ್ಪತ್ತೆರಡನೆಯ ದಿನ ಬದಲಿಗೆ ಒಪ್ಪಿದರು.

ಕಾವಲುಗಾರನನ್ನು ತೆಗೆಯಿರಿ ಎಂದು ಸಂಘದ ಸಭೆಯಲ್ಲಿ ಇಬ್ಬರು ಕೂಗಾಡಿದರು. ನಾನು ಒಪ್ಪಲಿಲ್ಲ. ಹಬ್ಬದ ವಾರ ಆ ಪುಟ್ಟ ಕ್ಯಾಬಿನ್ನಿನಲ್ಲಿ ದಿನಕ್ಕೆ ಅರವತ್ತು ಎಪ್ಪತ್ತು ಪಾರ್ಸೆಲ್ ಬರುತ್ತವೆ, ಗೇಟು ತೆಗೆಯುವವನೂ ಅವನೇ. ಪಾರ್ಸೆಲ್ ಇಟ್ಟುಕೊಳ್ಳುವುದು ಅವನ ಕೆಲಸವೆಂದು ಏಜೆನ್ಸಿಯ ಒಪ್ಪಂದದಲ್ಲಿ ಎಲ್ಲೂ ಇಲ್ಲ. ನಾನು ಕೇಳಿದ್ದು ರಿಜಿಸ್ಟರಿನಲ್ಲಿ ವಿಂಗ್‌ಗೊಂದು ಕಾಲಮ್ಮು, ಸಹಿಯ ಪಕ್ಕ ಒಯ್ದವರ ಮೊಬೈಲ್ ನಂಬರು. ಎರಡೂ ಆದವು. ಸಿಸಿಟಿವಿ ಪಾಸ್‌ವರ್ಡ್ ಈಗ ಮೂವರ ಹತ್ತಿರ ಇದೆ.

ಬದಲಿ ಮಷಿನ್ ಬಂದ ದಿನವೂ ನಾನು ಅಂಕೋಲಾದಲ್ಲೇ ಇದ್ದೆ. ಅದೇ ಹುಡುಗ, ಅದೇ ಮಾತು: "ಒಟಿಪಿ ಹೇಳಿ ಸರ್, ಸೆಕ್ಯುರಿಟಿ ಹತ್ತಿರ ಇಡುತ್ತೇನೆ." ಬೇಡ, ನಾಳೆ ಒಂಬತ್ತರೊಳಗೆ ತಾ, ಇಲ್ಲವಾದರೆ ಭಾನುವಾರ ತಾ ಎಂದೆ. ಅವನು ಏನೋ ಗೊಣಗಿ ಫೋನಿಟ್ಟ. ಭಾನುವಾರ ಬಂದ. ಬಾಗಿಲಲ್ಲೇ ಅವನನ್ನು ನಿಲ್ಲಿಸಿಕೊಂಡು ಚೀಟಿಯಲ್ಲಿ 'ಬಿ-304' ಓದಿ, ಆಮೇಲೆ ಅಂಕಿ ಹೇಳಿದೆ. ಅವನು ಮೆಟ್ಟಿಲಿಳಿಯುವಷ್ಟರಲ್ಲಿ ಪೆಟ್ಟಿಗೆ ಒಡೆದಿದ್ದೆ. ಗುರುತು ಕೆಂಪಾಗಿತ್ತು.