ಬ್ಲೌಸಿನ ತೋಳು ಗಿಡ್ಡ ಮಾಡೋದು, ರಟ್ಟೆ ಕಟ್ಟೋದು: ಆರು ವರ್ಷ ಜಿಂಪ್ ಬಳಸಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ. ಕನ್ನಡದಲ್ಲಿ ಬಟ್ಟೆಯದೂ ತೋಳು, ಮೈಯದೂ ತೋಳು. ಗೊಂದಲ ಬೇಡ ಅಂತ ಇಲ್ಲಿ ಬಟ್ಟೆಯದನ್ನು ತೋಳು ಎಂದೂ, ಭುಜದಿಂದ ಮೊಣಕೈವರೆಗಿನ ಕೈಯನ್ನು ರಟ್ಟೆ ಎಂದೂ ಕರೆಯುತ್ತೇನೆ.

ನಾನು ಬ್ಲೌಸ್ ಹೊಲಿಯುವವರಿಗೆ ಕ್ಯಾಟಲಾಗ್ ಫೋಟೋ ತಿದ್ದಿಕೊಡುತ್ತೇನೆ. ಒಂದೇ ವಿನ್ಯಾಸವನ್ನು ಎರಡು ಮೂರು ಅಳತೆಯ ತೋಳಿನಲ್ಲಿ ಮಾರುತ್ತಾರೆ, ಫೋಟೋ ಮಾತ್ರ ಒಂದನ್ನೇ ತೆಗೆದಿರುತ್ತಾರೆ. ಉಳಿದದ್ದು ನನ್ನ ತಲೆಗೆ. ಈ ಕೆಲಸಕ್ಕೆ ಆರು ವರ್ಷದಿಂದ ಜಿಂಪ್ ಬಳಸುತ್ತಿದ್ದೇನೆ. 2.10ರಲ್ಲಿ ಶುರು ಮಾಡಿದ್ದು, 2025ರಲ್ಲಿ 3.0 ಬಂದ ಮೇಲೆ ಅದಕ್ಕೆ ಬದಲಾದೆ. ಕಾಸಿಲ್ಲದ ಸಾಫ್ಟ್‌ವೇರ್‌ನಲ್ಲಿ ಈ ಕೆಲಸ ಆಗುತ್ತಾ ಅಂತ ಕೇಳುವವರಿಗೆ ನನ್ನ ಉತ್ತರ: ಆಗುತ್ತದೆ. ಆದರೆ ಅದರ ಒಂದು ಟೂಲ್ ಅನ್ನು ಮಾತ್ರ ನಂಬಿ ಕೂತರೆ ಆಗುವುದಿಲ್ಲ. ಆ ಟೂಲ್ ಹೆಸರು Heal.

ಮೊದಲ ವರ್ಷ ನಾನು ಮಾಡಿದ್ದು ಅದೇ. ತೋಳಿನ ಅರ್ಧ ಅಳಿಸಬೇಕಾ? ಮುಂಗೈ ಚರ್ಮದಿಂದ ಮಾದರಿ ತಗೊಂಡು ಬಟ್ಟೆಯ ಮೇಲೆ Heal ಉಜ್ಜುತ್ತಾ ಹೋದೆ. ಕೆಂಪು ಬ್ಲೌಸು, ಕೈಯೆಲ್ಲ ಕೆಂಪಾಗಿ ಉರಿ ಎದ್ದ ಹಾಗೆ ಕಂಡಿತು. ತಪ್ಪು ಟೂಲಿನದಲ್ಲ. Heal ಇರುವುದೇ ಹಾಗೆ: ಚರ್ಮದ ಮೇಲ್ಮೈಯನ್ನು ಮಾದರಿಯಿಂದ ತಗೊಳ್ಳುತ್ತದೆ, ಬಣ್ಣ ಮತ್ತು ಬೆಳಕನ್ನು ಉಜ್ಜುತ್ತಿರುವ ಜಾಗದ ಸುತ್ತಲಿಂದ ತಗೊಳ್ಳುತ್ತದೆ. ಸುತ್ತ ಚರ್ಮವೇ ಇದ್ದರೆ, ಅಂದರೆ ಒಂದು ಮೊಡವೆ ತೆಗೆಯುವುದಾದರೆ, ಅದು ಅದ್ಭುತ. ಸುತ್ತ ಬಟ್ಟೆ ಇದ್ದರೆ ಬಟ್ಟೆಯ ಬಣ್ಣವನ್ನೇ ಚರ್ಮಕ್ಕೆ ಬಳಿಯುತ್ತದೆ.

ಹೋಗಲಿ ಅಂತ Clone ಹಿಡಿದೆ. ಅದು ಬಣ್ಣವನ್ನೂ ಹಾಗೇ ನಕಲು ಮಾಡುತ್ತದೆ. ಆದರೆ ಮುಂಗೈ ಬಿಸಿಲು ಕಂಡ ಚರ್ಮ. ತೋಳಿನೊಳಗೆ ಇರುವ ರಟ್ಟೆ ಸಾಮಾನ್ಯವಾಗಿ ಒಂದು ಛಾಯೆ ತಿಳಿ. ನೇರ ನಕಲು ಮಾಡಿದರೆ ರಟ್ಟೆ ಮಂಕಾಗುತ್ತದೆ, ಮುಂಗೈಯ ರೋಮವೂ ಜೊತೆಗೆ ಬರುತ್ತದೆ. ಮಣಿಕಟ್ಟಿನ ಹತ್ತಿರದ ಒಂದು ಮಚ್ಚೆ ರಟ್ಟೆಯ ಮೇಲೆ ಮೂರು ಕಡೆ ಬಂದಿತ್ತು ಒಮ್ಮೆ. ನಾನು ನೋಡಲೇ ಇಲ್ಲ, ಗಿರಾಕಿಯ ಮಗಳು ಕಂಡುಹಿಡಿದಳು.

ಈಗ ನಾನು ಬೆಳಕನ್ನೂ ಮೇಲ್ಮೈಯನ್ನೂ ಬೇರೆ ಮಾಡಿ ಕಟ್ಟುತ್ತೇನೆ. ಹೋದ ತಿಂಗಳು ಮಾಡಿದ ಒಂದು ಫೋಟೋ ಹೇಳುತ್ತೇನೆ. ಮೆರೂನ್ ಬ್ಲೌಸು, ಮೊಣಕೈವರೆಗೆ ತೋಳು, ತುದಿಗೆ ಜರಿ ಅಂಚು. ಅದು ರಟ್ಟೆಯ ನಡುವಿಗೆ ಬರಬೇಕು. ಫೋಟೋದಲ್ಲಿ ಅಂಚನ್ನು ಸುಮಾರು 600 ಪಿಕ್ಸೆಲ್ ಮೇಲಕ್ಕೆ ತರಬೇಕಿತ್ತು. ಕೈ ಕೆಳಗೆ ಇಳಿಬಿಟ್ಟಿದೆ, ಬೆಳಕು ಎಡದಿಂದ.

ಮೊದಲ ಕೆಲಸ ರಟ್ಟೆಯ ಹೊರಗೆರೆ. ಎಲ್ಲರೂ ತೋಳಿನ ಅಂಚನ್ನೇ ಕೈಯ ಅಂಚು ಅಂದುಕೊಳ್ಳುತ್ತಾರೆ. ತೋಳು ಕೈಗಿಂತ ಅಗಲ ಅಲ್ವಾ? ಇಲ್ಲಿ ತೋಳು 460 ಪಿಕ್ಸೆಲ್ ಇತ್ತು. ತೋಳಿನ ಬಾಯಿಯಿಂದ ಹೊರಬರುವ ಕೈ 340 ಇತ್ತು. ಅದೇ ದಿನ ತೆಗೆದ ಇನ್ನೊಂದು ಫೋಟೋದಲ್ಲಿ ಇವರೇ ತೋಳಿಲ್ಲದ ಬ್ಲೌಸು ಹಾಕಿದ್ದರು, ಅದರಲ್ಲಿ ಅಳೆದರೆ ರಟ್ಟೆಯ ನಡು 390ರಷ್ಟು ಬರಬೇಕು. Paths ಟೂಲಿನಲ್ಲಿ ಆ ಅಳತೆಗೆ ಗೆರೆ ಎಳೆದೆ. ಹೊರಬದಿ ಮೆಲ್ಲಗೆ ಉಬ್ಬಿ ಇಳಿಯುತ್ತದೆ, ಒಳಬದಿ ಹೆಚ್ಚು ನೇರ. ಎರಡೂ ಬದಿ ಒಂದೇ ಥರ ಉಬ್ಬಿಸಿದರೆ ಬಲೂನು.

ಗೆರೆ ಒಳಗೆ ಬಂತು ಅಂದರೆ ಎರಡೂ ಪಕ್ಕ ಒಟ್ಟು 70 ಪಿಕ್ಸೆಲ್ ಜಾಗ ಖಾಲಿ. ಅಲ್ಲಿ ಹಿಂದಿನ ಗೋಡೆ ಕಾಣಬೇಕು, ಒಳಬದಿಯಲ್ಲಿ ಸೀರೆಯ ಸೆರಗು ಕಾಣಬೇಕು. ಅದನ್ನು ಚರ್ಮಕ್ಕಿಂತ ಮೊದಲೇ Clone ಮಾಡಿ ಮುಗಿಸುತ್ತೇನೆ. ಕಷ್ಟದ ಕೆಲಸ ಏನಲ್ಲ, ಮರೆತರೆ ಮಾತ್ರ ಕೈಯ ಸುತ್ತ ಮೆರೂನ್ ದಾರದಂಥ ಗೆರೆ ಉಳಿಯುತ್ತದೆ.

ಆಮೇಲೆ ಹೊಸ ಲೇಯರ್. ಗೆರೆಯನ್ನು ಸೆಲೆಕ್ಷನ್ ಮಾಡಿ, 1.5 ಪಿಕ್ಸೆಲ್ Feather ಕೊಟ್ಟು, ಬರೀ ಬಣ್ಣ ಹಚ್ಚುತ್ತೇನೆ. ರಂಧ್ರವಿಲ್ಲ, ರೋಮವಿಲ್ಲ, ಬರೀ ಬೆಳಕು. ಕೈ ಅಂದರೆ ಒಂದು ಕೊಳವೆ. ಎಡದಿಂದ ಬೆಳಕು ಬಿದ್ದರೆ ಎಡಗಡೆ ತಿಳಿ, ಬಲಕ್ಕೆ ಹೋಗುತ್ತಾ ಗಾಢ. ಆದರೆ ಅತಿ ಗಾಢ ಜಾಗ ಬಲ ಅಂಚಲ್ಲ, ಅಂಚಿಗಿಂತ ಸ್ವಲ್ಪ ಒಳಗೆ. ಅಂಚಿಗೆ ಸೀರೆಯಿಂದ ಚಿಮ್ಮಿದ ಬೆಳಕು ಬಿದ್ದು ಒಂಚೂರು ತಿಳಿಯಾಗಿರುತ್ತದೆ. ಇದೊಂದು ತಿಳಿದ ಮೇಲೆ ನನ್ನ ಕೈಗಳು ಕೊಯ್ದು ಅಂಟಿಸಿದ ಕಾಗದದ ಹಾಗೆ ಕಾಣುವುದು ನಿಂತಿತು. ಬಣ್ಣಗಳನ್ನು ಆ ತೋಳಿಲ್ಲದ ಫೋಟೋದಿಂದಲೇ ಎತ್ತಿದೆ. Color Picker ನಲ್ಲಿ Sample average ಹಾಕಿಕೊಳ್ಳಿ, ಇಲ್ಲದಿದ್ದರೆ ಒಂದು ರಂಧ್ರದ ಬಣ್ಣ ಬಂದು ಕೂತುಕೊಳ್ಳುತ್ತದೆ. ದೊಡ್ಡ ಮೃದು ಬ್ರಷ್‌ನಲ್ಲಿ ನಾಲ್ಕೈದು ಬಣ್ಣ ಉದ್ದಕ್ಕೆ ಹಚ್ಚಿ, Gaussian Blur ಕೊಟ್ಟರೆ ಕೊಳವೆ ತಯಾರು. ಅಂಚು ಮಸುಕಾಗದಿರಲು ಮೊದಲೇ ಅದೇ ಸೆಲೆಕ್ಷನ್ ಅನ್ನು ಲೇಯರ್ ಮಾಸ್ಕ್ ಮಾಡಿಟ್ಟು, ಸೆಲೆಕ್ಷನ್ ತೆಗೆದು, ಬಣ್ಣವನ್ನು ಗೆರೆ ದಾಟಿಸಿ ಹಚ್ಚಿರಬೇಕು.

ಈಗ ಮೇಲ್ಮೈ. ಜಿಂಪ್ ನನಗೆ ತುಂಬಾ ಇಷ್ಟವಾಗುವುದು ಇಲ್ಲಿ. ಮೂಲ ಫೋಟೋದ ಎರಡು ನಕಲು ಲೇಯರ್ ಮಾಡಿ. ಮೇಲಿನದಕ್ಕೆ 8 ಪಿಕ್ಸೆಲ್‌ನಷ್ಟು ಬ್ಲರ್ ಕೊಟ್ಟು ಅದರ ಮೋಡ್ ಅನ್ನು Grain extract ಮಾಡಿ. ಪರದೆ ಬೂದು ಬಣ್ಣಕ್ಕೆ ತಿರುಗುತ್ತದೆ, ಅದರ ಮೇಲೆ ರಂಧ್ರ, ರೋಮ, ಸಣ್ಣ ಗೆರೆ ಮಾತ್ರ ಉಳಿಯುತ್ತದೆ. ಬೆಳಕೂ ಬಣ್ಣವೂ ಹೋಯಿತು. New from Visible ಒತ್ತಿ ಅದನ್ನು ಬೇರೆ ಲೇಯರ್ ಮಾಡಿಕೊಳ್ಳಿ. ಅದರಿಂದ ಒಳ್ಳೆಯ ಚರ್ಮದ ತುಂಡು ಕತ್ತರಿಸಿ, ಬಣ್ಣ ಹಚ್ಚಿದ ಕೊಳವೆಯ ಮೇಲೆ ಇಟ್ಟು, ಮೋಡ್ Grain merge ಮಾಡಿದರೆ ಸಾಕು. ಬಣ್ಣ ನೀವು ಹಚ್ಚಿದ್ದು, ಮೇಲ್ಮೈ ಅವರದೇ. ಮುಂಗೈ ಕಪ್ಪು, ರಟ್ಟೆ ತಿಳಿ ಅನ್ನುವ ಜಗಳವೇ ಇಲ್ಲ. ಈ ಬೂದು ಲೇಯರ್‌ನ ಮೇಲೆ Clone ಮಾಡಿದರೂ ಬಣ್ಣ ಕೆಡುವುದಿಲ್ಲ, ಮಚ್ಚೆ ಇದ್ದರೆ ಇಲ್ಲೇ ಅಳಿಸಬಹುದು. ಬ್ಲರ್ ಎಷ್ಟು ಅನ್ನುವುದಕ್ಕೆ ಫೋಟೋದ ಗಾತ್ರ ನೋಡಬೇಕು. ಬೂದು ಪರದೆಯಲ್ಲಿ ಕೈಯ ನೆರಳು ಇನ್ನೂ ಕಾಣುತ್ತಿದ್ದರೆ ಬ್ಲರ್ ಜಾಸ್ತಿಯಾಯಿತು. ರಂಧ್ರವೇ ಕಾಣದಿದ್ದರೆ ಕಡಿಮೆಯಾಯಿತು.

ಮುಂಗೈ ತುಂಡನ್ನು ಹಾಗೇ ಇಟ್ಟರೆ ರೋಮ ಜಾಸ್ತಿ ಕಾಣಬಹುದು. ಲೇಯರ್‌ನ Opacity 70ಕ್ಕೆ ಇಳಿಸಿದೆ, ಸರಿಹೋಯಿತು.

ಜರಿ ಅಂಚನ್ನು ಹಳೆಯ ಜಾಗದಿಂದ ನಕಲು ಮಾಡಿ ಮೇಲಕ್ಕೆ ತಂದೆ. ಇಲ್ಲಿ ಒಂದು ಸೂಕ್ಷ್ಮ ಇದೆ, ನನಗೆ ಗೊತ್ತಾಗಲು ಎರಡು ವರ್ಷ ಹಿಡಿಯಿತು. ಅಂಚು ಕ್ಯಾಮೆರಾದ ಎತ್ತರಕ್ಕಿಂತ ಕೆಳಗಿದ್ದರೆ ಅದರ ಮುಂಭಾಗ ಕೆಳಕ್ಕೆ ಬಾಗಿ ಕಾಣುತ್ತದೆ, ನಗುವ ತುಟಿಯ ಹಾಗೆ. ಕ್ಯಾಮೆರಾದ ಎತ್ತರಕ್ಕೆ ಬಂದಂತೆ ನೇರವಾಗುತ್ತದೆ, ದಾಟಿದರೆ ಮೇಲಕ್ಕೆ ಬಾಗುತ್ತದೆ. ಮೊಣಕೈ ಹತ್ತಿರದ ಅಂಚನ್ನು ಅದೇ ಬಾಗಿನಲ್ಲಿ ಎದೆಮಟ್ಟಕ್ಕೆ ತಂದಿಟ್ಟರೆ ತೋಳು ಜೋತುಬಿದ್ದಂತೆ ಕಾಣುತ್ತದೆ, ಯಾಕೆ ಅಂತ ನೋಡಿದವರಿಗೆ ಹೇಳಲು ಬರುವುದಿಲ್ಲ. Warp Transform ಹಿಡಿದು ಬಾಗನ್ನು ಅರ್ಧಕ್ಕಿಳಿಸಿದೆ. ಈ ಟೂಲ್ ಒಮ್ಮೆ ಬಗ್ಗಿಸಿದ್ದನ್ನು ಲೇಯರ್‌ಗೇ ಬರೆದುಬಿಡುತ್ತದೆ, ಆಮೇಲೆ ಬಂದು ಹಿಡಿ ಎಳೆದು ತಿದ್ದಲು ಆಗುವುದಿಲ್ಲ. 3.0ರಲ್ಲಿ ಬ್ಲರ್, ಕರ್ವ್ಸ್ ಥರದ ಫಿಲ್ಟರ್‌ಗಳು ಲೇಯರ್ ಮೇಲೆ ತಿದ್ದಲು ಬರುವಂತೆ ಉಳಿಯುತ್ತವೆ, ದೊಡ್ಡ ಸಮಾಧಾನ. ಬಗ್ಗಿಸುವುದಕ್ಕೆ ಆ ಭಾಗ್ಯ ಇಲ್ಲ. ಹಾಗಾಗಿ ಮೊದಲೇ ಒಂದು ನಕಲು ಇಟ್ಟುಕೊಳ್ಳಿ. ಒಂದು ಅಂಕ ಕಳೆಯುವುದು ಇದಕ್ಕೇ, ಐದರಲ್ಲಿ ನಾಲ್ಕು.

ಕೊನೆಗೆ ಅಂಚಿನ ಕೆಳಗೆ ಚರ್ಮದ ಮೇಲೆ ಬೀಳುವ ನೆರಳು. ಇದಿಲ್ಲದಿದ್ದರೆ ಮೇಲಿನ ಎಲ್ಲ ಕೆಲಸವೂ ನೀರುಪಾಲು. Multiply ಮೋಡ್‌ನಲ್ಲಿ ಹೊಸ ಲೇಯರ್, ಬಣ್ಣ ಕಪ್ಪಲ್ಲ, ಅದೇ ಚರ್ಮದ ಗಾಢ ಕಂದು, ಮೆರೂನ್ ಬ್ಲೌಸಾದ್ದರಿಂದ ತುಸು ಕೆಂಪು. ತೋಳು ಬಿಗಿಯಾಗಿದ್ದರೆ ನೆರಳು ಸಣ್ಣ ಗೆರೆ. ಸಡಿಲ ಇದ್ದರೆ ಅಗಲ, ಬಟ್ಟೆಯ ಹತ್ತಿರ ಚೂಪು, ದೂರ ಹೋದಂತೆ ಮಸುಕು. ಮತ್ತೆ, ಹಳೆಯ ಅಂಚಿನ ಕೆಳಗೆ ಮೊಣಕೈ ಮೇಲೆ ಹಳೆಯ ನೆರಳೂ ಕೆಂಪು ಛಾಯೆಯೂ ಉಳಿದಿರುತ್ತದೆ. ಅದನ್ನು ತೆಗೆಯಲು ಈಗ Heal ಬಳಸಿ. ಸುತ್ತ ಚರ್ಮವೇ ಇದೆಯಲ್ಲ.

ಇಷ್ಟಕ್ಕೆ ಎರಡೂವರೆ ಗಂಟೆ. ಚಿತ್ರವನ್ನು ಅಡ್ಡಕ್ಕೆ ಮಗುಚಿ, ಬೆರಳುಗುರಿನಷ್ಟು ಚಿಕ್ಕದಾಗಿ ನೋಡುತ್ತೇನೆ. ತಪ್ಪಿದ್ದರೆ ಆಗ ಕಣ್ಣಿಗೆ ಹೊಡೆಯುತ್ತದೆ.

ಕುತ್ತಿಗೆ ಕೆಲಸ ಕಡಿಮೆ ಬರುತ್ತದೆ. ಕಾಲರ್ ಕುತ್ತಿಗೆಯನ್ನು ಬೋಟ್ ನೆಕ್ ಮಾಡುವುದು, ಅಷ್ಟೇ. ವಿಧಾನ ಇದೇ, ಆದರೆ ಬೆಳಕು ಕಷ್ಟ, ಯಾಕೆಂದರೆ ಕಾಲರ್ ಬೋನ್ ಕೊಳವೆಯಲ್ಲ. ಹೊಸಬರು ಎರಡು ಕಪ್ಪು ಗೆರೆ ಎಳೆದುಬಿಡುತ್ತಾರೆ. ಅದು ಗೆರೆಯಲ್ಲ, ದಿಬ್ಬ: ಮೇಲ್ಬದಿಯಲ್ಲಿ ತೆಳು ಹೊಳಪು, ಕೆಳಗೆ ಮೃದು ನೆರಳು. ಗಂಟಲ ಗುಳಿಯ ಹತ್ತಿರ ಗುಂಡಗೆ ಎದ್ದು ಕಾಣುತ್ತದೆ, ಭುಜದ ಕಡೆ ಹೋಗುತ್ತಾ ಕರಗುತ್ತದೆ. ತಲೆ ಒಂದು ಕಡೆ ತಿರುಗಿದ್ದರೆ ಎದುರು ಬದಿಯ ಕುತ್ತಿಗೆ ಸ್ನಾಯು ಗಂಟಲ ಗುಳಿಯವರೆಗೆ ಹುರಿಯಾಗಿ ಎದ್ದಿರುತ್ತದೆ, ಆಗ ಎಡ ಬಲ ಒಂದೇ ಥರ ಮಾಡಿದರೆ ಸುಳ್ಳು ಗೊತ್ತಾಗುತ್ತದೆ. ಒಬ್ಬೊಬ್ಬರ ಮೂಳೆ ಒಂದೊಂದು ಥರ, ಹಾಗಾಗಿ ಅವರದೇ ಇನ್ನೊಂದು ಫೋಟೋ ಇಲ್ಲದೆ ಇದಕ್ಕೆ ಕೈ ಹಾಕುವುದಿಲ್ಲ. ಫೋಟೋದಲ್ಲಿರುವವರು ಒಪ್ಪಿದ್ದಾರಾ ಅಂತಲೂ ಕೇಳುತ್ತೇನೆ. ಒಬ್ಬರು ಯಾರದೋ ಮದುವೆ ಫೋಟೋ ಕಳಿಸಿ ಕುತ್ತಿಗೆ ಇಳಿಸಿಕೊಡಿ ಅಂದರು. ಅವರದಲ್ಲ ಅಂತ ಗೊತ್ತಾದ ಮೇಲೆ ಮಾಡಲಿಲ್ಲ.

ಇದನ್ನೆಲ್ಲ ಕಲಿತ ಮೇಲೆ ಗಿರಾಕಿಗಳಿಗೆ ಹೇಳುವುದು ಒಂದೇ: ಫೋಟೋ ತೆಗೆಯುವಾಗ ಗಿಡ್ಡ ತೋಳಿನ ಬ್ಲೌಸನ್ನೇ ಹಾಕಿಸಿ. ಗಿಡ್ಡದ್ದನ್ನು ಉದ್ದ ಮಾಡಲು ಬಟ್ಟೆ ಎಳೆದರೆ ಆಯಿತು, ಅರ್ಧ ಗಂಟೆ. ಮುಚ್ಚಿದ್ದನ್ನು ತೆರೆದರೆ ಒಳಗೆ ಏನಿತ್ತು ಅಂತ ನಾನೇ ಊಹಿಸಬೇಕು. ಅಲ್ಲೊಂದು ಹಳೆ ಲಸಿಕೆ ಗುರುತು ಇದ್ದರೆ ನನಗೆ ಹೇಗೆ ಗೊತ್ತಾಗಬೇಕು? ಹೋದ ತಿಂಗಳ ಆ ಮೆರೂನ್ ಬ್ಲೌಸಿನವರಿಗೆ ಇತ್ತಂತೆ. ಫೋಟೋ ನೋಡಿ ನಕ್ಕರು, ಇರಲಿ ಬಿಡಿ ಅಂದರು.