ಸರ್ಚ್ ಕನ್ಸೋಲ್: ರೇಷ್ಮೆ ಬ್ಲಾಗಿಗೆ ಮೂರು ವರ್ಷ ಬಳಸಿದ ಮೇಲೆ

ನಾನು ಶಿಡ್ಲಘಟ್ಟದವನು. ರೇಷ್ಮೆ ಹುಳು ಸಾಕಣೆ ಬಗ್ಗೆ ಮಾತ್ರ ಕನ್ನಡದಲ್ಲಿ ಒಂದು ಬ್ಲಾಗ್ ನಡೆಸುತ್ತೇನೆ. ಬರುವ ದುಡ್ಡೆಲ್ಲ ಜಾಹೀರಾತಿನದ್ದು. ನಮ್ಮ ಪುಟಗಳು ಗೂಗಲ್ ಹುಡುಕಾಟದಲ್ಲಿ ಹೇಗೆ ಕಾಣುತ್ತಿವೆ ಅಂತ ತೋರಿಸುವ ಗೂಗಲ್ ಸರ್ಚ್ ಕನ್ಸೋಲನ್ನು ಮೂರು ವರ್ಷದಿಂದ ವಾರಕ್ಕೊಮ್ಮೆ ತೆಗೆದು ನೋಡುತ್ತಿದ್ದೇನೆ. ಇದಕ್ಕೆ ಕಾಸು ಕೊಡಬೇಕಿಲ್ಲ. ಮಧ್ಯದಲ್ಲಿ ದುಡ್ಡು ಕೊಟ್ಟು ಬೇರೊಂದು ಟೂಲ್ ತೆಗೆದುಕೊಂಡಿದ್ದೆ. ಅದರಲ್ಲಿ ಯಾವ ಕನ್ನಡ ಪದ ಹಾಕಿದರೂ ಹುಡುಕಾಟ ಸೊನ್ನೆ ಅಂತಲೇ ಬರುತ್ತಿತ್ತು. ಇಲ್ಲಿ ಹಾಗಲ್ಲ, ನನ್ನ ಪುಟ ಕಾಣಿಸಿಕೊಂಡ ನಿಜವಾದ ಹುಡುಕಾಟಗಳೇ ಸಿಗುತ್ತವೆ.

ನನಗೆ ಇದರ ಬೆಲೆ ಗೊತ್ತಾಗಿದ್ದು ಒಂದೇ ಒಂದು ಲೇಖನದಿಂದ. 'ಗ್ರ್ಯಾಸರಿ ರೋಗ: ಕಾರಣ ಮತ್ತು ನಿಯಂತ್ರಣ' ಅಂತ ಹೆಸರಿಟ್ಟು ಬರೆದಿದ್ದೆ. 28 ದಿನದ ಲೆಕ್ಕ ನೋಡಿದರೆ ಗೂಗಲ್‌ನಲ್ಲಿ 2,140 ಸಲ ಕಾಣಿಸಿಕೊಂಡಿದೆ, ಕ್ಲಿಕ್ ಆಗಿದ್ದು 31 ಸಲ. ಸರಾಸರಿ ಸ್ಥಾನ 9.4. ಅಂದರೆ ಮೊದಲ ಪುಟದ ತಳದಲ್ಲಿ ಕೂತಿತ್ತು. Pages ಪಟ್ಟಿಯಲ್ಲಿ ಆ ಲೇಖನ ಒತ್ತಿ, ಆಮೇಲೆ Queries ಒತ್ತಿದೆ. ಜನ ಹುಡುಕಿದ್ದು ಹೀಗಿತ್ತು: 'ಹಾಲುತೊಂಡೆ ರೋಗಕ್ಕೆ ಔಷಧಿ', 'ಹುಳ ಊದಿ ಹಾಲು ಬರುತ್ತೆ', ಇಂಗ್ಲಿಷ್ ಅಕ್ಷರದಲ್ಲಿ halu tonde roga. ಎರಡೂ ಒಂದೇ ರೋಗ, ಆದರೆ ಗ್ರ್ಯಾಸರಿ ಅಂತ ಹುಡುಕಿದವರು ಬೆರಳೆಣಿಕೆಯಷ್ಟು.

ಅದೇ ವಾರ ದೊಡ್ಡಪ್ಪನ ಹುಳು ಮನೆಗೆ ಹೋಗಿದ್ದೆ. ನಾಲ್ಕನೇ ಜ್ವರ, ಅಂದರೆ ನಾಲ್ಕನೇ ಸಲ ಪೊರೆ ಬಿಡುವುದು, ಮುಗಿಸಿ ಎದ್ದ ಹುಳುಗಳು, ತಟ್ಟೆಯ ಅಂಚಿನಲ್ಲಿ ನಾಲ್ಕೈದು ಊದಿಕೊಂಡು ಒದ್ದಾಡುತ್ತಿದ್ದವು. ಅವರು ಫೋನ್ ಬಾಯಿಗೆ ಹತ್ತಿರ ಹಿಡಿದು, "ರೇಷ್ಮೆ ಹುಳ ಹಾಲು ಬರ್ತಾ ಐತೆ, ಏನ್ ಹಾಕ್ಬೇಕು" ಅಂತ ಕೇಳಿದರು. ನನ್ನ ಲೇಖನ ತೋರಿಸಿದೆ. "ಗ್ರ್ಯಾಸರಿ ಅಂತ ನಮ್ಮಲ್ಲಿ ಯಾರಪ್ಪಾ ಅಂತಾರೆ?" ಅಂದರು.

ಮನೆಗೆ ಬಂದು ಶೀರ್ಷಿಕೆ ಬದಲಿಸಿದೆ: 'ಹಾಲುತೊಂಡೆ ರೋಗ: ಹುಳು ಊದಿ ಹಾಲು ಬಂದರೆ ಏನು ಮಾಡಬೇಕು'. ಲೇಖನದ ಆರಂಭವನ್ನೂ ತಿದ್ದಿದೆ. ಮೊದಲು ವೈರಸ್ ಬಗ್ಗೆ ಎರಡು ಪ್ಯಾರಾ ಇತ್ತು. ಈಗ ಮೊದಲ ಸಾಲಲ್ಲೇ ಉತ್ತರ ಇದೆ: ರೋಗ ಬಂದ ಹುಳುವನ್ನು ಉಳಿಸುವ ಔಷಧಿ ಇಲ್ಲ, ಅದು ಒಡೆಯುವ ಮೊದಲೇ ಆರಿಸಿ ತೆಗೆಯಬೇಕು. ಜನ ಔಷಧಿ ಹುಡುಕಿಕೊಂಡು ಬರುತ್ತಾರೆ, ಅವರಿಗೆ ಸತ್ಯ ಬೇಗ ಸಿಗಬೇಕು ಅಲ್ವಾ.

ಇನ್ನೊಂದು ತೊಡಕಿತ್ತು. ಆ ಹುಡುಕಾಟದ ಪದ ಒತ್ತಿ Pages ನೋಡಿದರೆ ನನ್ನವೇ ಎರಡು ಪುಟ ಕಾಣಿಸಿದವು. ಹಳೆಯದೊಂದು ಸಣ್ಣ ಬರಹ ಅದೇ ರೋಗದ ಮೇಲಿತ್ತು. ಒಂದು ವಾರ ಅದು ಮೇಲೆ, ಮುಂದಿನ ವಾರ ಇದು. ಹಳೆಯದರಲ್ಲಿದ್ದ ಫೋಟೊಗಳನ್ನು ಹೊಸದಕ್ಕೆ ಸೇರಿಸಿ, ಹಳೇ ವಿಳಾಸದಿಂದ ಹೊಸದಕ್ಕೆ 301 ರೀಡೈರೆಕ್ಟ್ ಹಾಕಿದೆ. ಸುಮ್ನೆ ಡಿಲೀಟ್ ಮಾಡಿದ್ದರೆ ಅದಕ್ಕೆ ಬಂದಿದ್ದ ಲಿಂಕ್‌ಗಳು ದಂಡವಾಗುತ್ತಿದ್ದವು. ಮೂರು ತಿಂಗಳಾದ ಮೇಲೆ 28 ದಿನದ ಲೆಕ್ಕ: 2,600 ಸಲ ಕಂಡಿದೆ, 182 ಕ್ಲಿಕ್, ಸ್ಥಾನ 4.1.

ಈ ಅಂಕಿಗಳನ್ನು ಹಿಂದಿನ ತಿಂಗಳಿಗೆ ಹೋಲಿಸಿ ಖುಷಿಪಡಬೇಡಿ. ರೋಗದ ಹುಡುಕಾಟ ಹವಾಮಾನದ ಜೊತೆ ಏರಿಳಿಯುತ್ತದೆ. ನಾನು ಹೋದ ವರ್ಷದ ಅದೇ ತಿಂಗಳಿಗೆ ಹೋಲಿಸುತ್ತೇನೆ. ಇದರಲ್ಲಿ 16 ತಿಂಗಳ ಲೆಕ್ಕ ಮಾತ್ರ ಉಳಿಯುವುದರಿಂದ ಪ್ರತಿ ತಿಂಗಳು ಎಕ್ಸ್‌ಪೋರ್ಟ್ ಮಾಡಿ ಶೀಟ್‌ನಲ್ಲಿ ಇಡುತ್ತೇನೆ. ಮೊದಲ ವರ್ಷ ಇಡಲಿಲ್ಲ, ಆ ಲೆಕ್ಕ ಹೋಯಿತು.

ಕೊರತೆಗಳೂ ಇವೆ. ತೀರಾ ಕಡಿಮೆ ಜನ ಹುಡುಕಿದ ಪದಗಳನ್ನು ಖಾಸಗಿತನಕ್ಕಾಗಿ ಮುಚ್ಚಿಡುತ್ತಾರೆ. ನನ್ನಂಥ ಸಣ್ಣ ಕನ್ನಡ ಬ್ಲಾಗಿಗೆ ಇದು ದೊಡ್ಡ ಪಾಲು, ಹಾಗಾಗಿ ಪಟ್ಟಿಯ ಕ್ಲಿಕ್ ಕೂಡಿದರೆ ಮೇಲಿನ ಮೊತ್ತಕ್ಕೆ ತಾಳೆಯಾಗುವುದಿಲ್ಲ. ಪಕ್ಕಾ ಲೆಕ್ಕ ಬರುವುದು ಎರಡು ಮೂರು ದಿನ ತಡ. ಪುಟವನ್ನು ಇಂಡೆಕ್ಸ್ ಮಾಡಿ, ಅಂದರೆ ಹುಡುಕಾಟದ ಪಟ್ಟಿಗೆ ಸೇರಿಸಿಕೊಳ್ಳಿ ಅಂತ ಕೇಳುವ ಬಟನ್ ಇದೆ, ಆದರೆ ಹತ್ತು ಸಲ ಒತ್ತಿದರೂ ಬೇಗ ಆಗುವುದಿಲ್ಲ.

ನಾನು ದಿನಾ ಗೂಡಿನ ರೇಟಿಗೆ ಒಂದೊಂದು ಹೊಸ ಪುಟ ಹಾಕುತ್ತಿದ್ದೆ. ನಾಲ್ಕು ಸಾಲಿನ ಪುಟಗಳು, ಬಹಳಷ್ಟು Crawled - currently not indexed ಅನ್ನುವ ಪಟ್ಟಿಗೆ ಬಿದ್ದವು. ಗೂಗಲ್ ಬಂದು ನೋಡಿದೆ, ಆದರೆ ಸೇರಿಸಿಕೊಂಡಿಲ್ಲ ಅಂತ ಅದರರ್ಥ. ಈಗ ರೇಟಿಗೆ ಒಂದೇ ಪುಟ, ದಿನಾ ಅದನ್ನೇ ತಿದ್ದುತ್ತೇನೆ.

ಯಾವ ಪುಟ ಎಷ್ಟು ದುಡ್ಡು ತಂದಿತು ಅನ್ನುವುದು ಇಲ್ಲಿ ಕಾಣುವುದಿಲ್ಲ, ಜಾಹೀರಾತಿನ ವರದಿಯನ್ನು ಪಕ್ಕದಲ್ಲಿಟ್ಟೇ ನೋಡಬೇಕು. ಹಾಗೆ ನೋಡಿದಾಗ ರೇಟಿನ ಪುಟಕ್ಕೆ ಜನ ಜಾಸ್ತಿ, ಆದರೆ ರೇಟು ನೋಡಿ ತಕ್ಷಣ ಹೊರಡುತ್ತಾರೆ. ಹಾಲುತೊಂಡೆ ಪುಟಕ್ಕೆ ಬಂದವರು ಕೊನೆತನಕ ಓದುತ್ತಾರೆ. ಒಬ್ಬ ಓದುಗನ ಲೆಕ್ಕದಲ್ಲಿ ದುಡ್ಡು ತರುವುದು ಅದೇ. ಮುಂದೆ ಸುಣ್ಣಕಟ್ಟು ರೋಗದ ಲೇಖನ ತಿದ್ದಬೇಕು. ಅದು ಇನ್ನೂ 11ನೇ ಸ್ಥಾನದಲ್ಲಿದೆ.