ಆಡಿಟ್ ಆಡ್-ಇನ್ ವಿಮರ್ಶೆ: ಅದು ಕೆಂಪು ಬಳಿಯುತ್ತೆ, ಕಳ್ಳ ಬಿಲ್ ಹಿಡಿಯೋದು ನಾವೇ

ಎಕ್ಸೆಲ್ ಒಳಗೇ ಕೂರೋ ಒಂದು ಆಡಿಟ್ ಆಡ್-ಇನ್ ನಮ್ಮ ಶಿವಮೊಗ್ಗದ ಆಫೀಸಲ್ಲಿ ಕೆಲವು ಆಡಿಟ್ ಸೀಸನ್‌ನಿಂದ ಬಳಸ್ತಾ ಇದೀವಿ, ಹೆಸರು ಬೇಡ, ಯಾಕಂದ್ರೆ ನಾನು ಬೈಯೋ ವಿಷಯ ಇಂಥ ಸಾಫ್ಟ್‌ವೇರ್ ಇನ್ನೂ ಹಲವಲ್ಲಿ ಇದೆ. ವರ್ಷಕ್ಕೆ ಹದಿನಾಲ್ಕು ಸಾವಿರ, ಮೇಲೆ ಜಿಎಸ್‌ಟಿ. ದೊಡ್ಡ ಕಂಪನಿಗಳಿಗೆ ಅದೊಂದು ದುಡ್ಡೇ ಅಲ್ಲ, ಅಡಿಕೆ ಸೊಸೈಟಿ, ರೈಸ್ ಮಿಲ್, ಸಣ್ಣ ಕಂಟ್ರಾಕ್ಟರುಗಳ ಲೆಕ್ಕ ನೋಡೋ ನಮ್ಮಂಥವರಿಗೆ ಯೋಚಿಸ್ಬೇಕಾದ ದುಡ್ಡು. ಫೀಚರ್ ಪಟ್ಟಿ ಅವರ ವೆಬ್‌ಸೈಟಲ್ಲೇ ಇದೆ, ಅದನ್ನ ಬಿಡ್ತೀನಿ. ನಾನು ಬಳಸಿದ್ದು ಎರಡೇ ಬಟನ್: ಅಂಕಿ ಪರೀಕ್ಷೆ ಮತ್ತು ಡೂಪ್ಲಿಕೇಟ್ ಪರೀಕ್ಷೆ.

ಅಂಕಿ ಪರೀಕ್ಷೆ ಅಂದ್ರೆ ಬೆನ್‌ಫೋರ್ಡ್ ನಿಯಮ. ಸಹಜವಾಗಿ ಹುಟ್ಟಿದ ಮೊತ್ತಗಳಲ್ಲಿ 1ರಿಂದ ಶುರುವಾಗೋವು ಸುಮಾರು 30 ಪರ್ಸೆಂಟ್, 9ರಿಂದ ಶುರುವಾಗೋವು 5 ಪರ್ಸೆಂಟಿಗಿಂತ ಕಮ್ಮಿ. 1881ರಲ್ಲೇ ನ್ಯೂಕೋಂಬ್ ಅನ್ನೋ ಖಗೋಳ ವಿಜ್ಞಾನಿ ಲಾಗರಿದಂ ಪುಸ್ತಕದ ಮೊದಲ ಪುಟಗಳೇ ಜಾಸ್ತಿ ಕೊಳೆಯಾಗಿದ್ದನ್ನ ನೋಡಿ ಇದನ್ನ ಹೇಳಿದ್ದ, 1938ರಲ್ಲಿ ಬೆನ್‌ಫೋರ್ಡ್ ಇಪ್ಪತ್ತು ಸಾವಿರಕ್ಕೂ ಹೆಚ್ಚು ಸಂಖ್ಯೆ ಕೂಡಿಹಾಕಿ ತೋರಿಸಿದ, ಹೆಸರು ಅವನಿಗೆ ಹೋಯ್ತು. ಮನುಷ್ಯ ಕೂತು ಬಿಲ್ ಮೊತ್ತ ಕಟ್ಟಿದ್ರೆ ಈ ಅನುಪಾತ ಬರಲ್ಲ ಅನ್ನೋದು ಲೆಕ್ಕಾಚಾರ.

ನನಗೆ ಸಿಟ್ಟು ಬರಿಸಿದ್ದು ಇದರ ಕೆಂಪು ಬಣ್ಣ. ಎಲ್ಲಿ ಗ್ರಾಫ್ ಗೆರೆ ದಾಟ್ತೋ ಅಲ್ಲಿ ಕೆಂಪಾಗಿ "ಹೈ ರಿಸ್ಕ್" ಅಂತ ಬರೆದು, ಆ ಗುಂಪಿನ ಪಾರ್ಟಿಗಳ ಹೆಸರನ್ನೆಲ್ಲ ಸಾಲಾಗಿ ಪಿಡಿಎಫ್‌ಗೆ ಹಾಕ್ಬಿಡತ್ತೆ. ಒಂದ್ಸಲ ಆ ಪಿಡಿಎಫ್ ಹಾಗೇ ಒಂದು ಸೊಸೈಟಿಯ ಅಧ್ಯಕ್ಷರ ಮೊಬೈಲಿಗೆ ಹೋಯ್ತು, ಅವರು ಮೊದಲು ಕರೆಸಿ ಬೈದದ್ದು ಯಾರನ್ನ ಗೊತ್ತಾ, ಹಮಾಲಿ ಮೇಸ್ತ್ರಿನ! ಪಾಪ ಅವನ ಬಿಲ್ಲೆಲ್ಲ 9,900, 9,950 ಅಂತ ಇತ್ತು. ಒಬ್ಬರಿಗೆ ಒಂದು ದಿನಕ್ಕೆ ಹತ್ತು ಸಾವಿರ ದಾಟಿ ನಗದು ಕೊಟ್ರೆ ಇನ್‌ಕಮ್ ಟ್ಯಾಕ್ಸಲ್ಲಿ ಖರ್ಚು ಅಂತ ಒಪ್ಪಲ್ಲ, ಅದಕ್ಕೆ ಸೊಸೈಟಿಯವರೇ ಕೂಲಿ ಲೆಕ್ಕ ಅಷ್ಟಕ್ಕೆ ನಿಲ್ಲಿಸಿ ಉಳಿದದ್ದು ನಾಳೆ ಅಂತಿದ್ರು. ನಾಲ್ಕು ಸಾವಿರ ಸಾಲಿನ ಆ ಪಟ್ಟೀಲಿ 99ರಿಂದ ಶುರುವಾಗೋವು ಹದಿನೇಳೋ ಹದಿನೆಂಟೋ ಇರ್ಬೇಕಿತ್ತು, ಇದ್ದದ್ದು 60. ಸಾಫ್ಟ್‌ವೇರಿಗೆ ಕಾರಣ ಗೊತ್ತಿಲ್ಲ, ಗೊತ್ತಿರ್ಬೇಕು ಅಂತಾನೂ ನಾನು ಹೇಳಲ್ಲ, ಆದ್ರೆ "ಅಸಹಜ" ಅನ್ನೋ ಜಾಗದಲ್ಲಿ "ರಿಸ್ಕ್" ಅಂತ ಬರೆಯೋದು ಯಾವ ನ್ಯಾಯ ಮಾರಾಯ್ರೆ? ಮೀಟಿಂಗಲ್ಲಿ ಆ ಮೇಸ್ತ್ರಿ ಪರವಾಗಿ ಮಾತಾಡಿ ಸಾಕಾಯ್ತು.

ಆವತ್ತಿಂದ ನಾನು ಪಿಡಿಎಫ್ ತೆಗೆಯೋದೇ ಬಿಟ್ಟೆ. ಈಗ ಬೆಳಿಗ್ಗೆ ಆಫೀಸಿಗೆ ಬಂದು, ಕರೆಂಟ್ ಇದ್ರೆ, ಟ್ಯಾಲಿಯಿಂದ ರಿಜಿಸ್ಟರ್ ಎಕ್ಸ್‌ಪೋರ್ಟ್ ಮಾಡಿ, ಕಾಫಿ ತಣ್ಣಗಾಗೋದರೊಳಗೆ ಕ್ಲೀನ್ ಮಾಡ್ತೀನಿ, ಈ ಕೆಲಸ ನನಗೆ ನಿಜವಾಗ್ಲೂ ಇಷ್ಟ. ಸಂಬಳ, ಬಾಡಿಗೆ, ಬ್ಯಾಂಕಿಂದ ಬ್ಯಾಂಕಿಗೆ ಹೋದ ಕಾಂಟ್ರಾ ಎಲ್ಲ ಹೊರಗೆ. ತಿಂಗಳು ತಿಂಗಳು ಬರೋ 1,180 ರೂಪಾಯಿ ಇಂಟರ್ನೆಟ್ ಬಿಲ್ಲೂ ಹೊರಗೆ, ಇಲ್ಲಾಂದ್ರೆ 11ರ ಕಂಬ ಸುಮ್ಮನೆ ಎದ್ದು ನಿಲ್ಲತ್ತೆ. ಹತ್ತು ರೂಪಾಯಿಗಿಂತ ಕೆಳಗಿನ ಚಿಲ್ಲರೆ ಹೊರಗೆ. ಆಮೇಲೆ ಮುಖ್ಯವಾದ್ದು, ಪಾವತಿ ಮೊತ್ತ ತಗೋಬಾರದು, ಬಿಲ್ ಮೊತ್ತ ತಗೋಬೇಕು. 49,300ರ ಬಿಲ್ಲಿಗೆ ಒಂದು ಪರ್ಸೆಂಟ್ ಟಿಡಿಎಸ್ ಮುರಿದ್ರೆ ಬ್ಯಾಂಕಲ್ಲಿ ಹೋಗೋದು 48,807, ಅಂದ್ರೆ 49ರಲ್ಲಿ ಕಾಣ್ಬೇಕಾದ್ದು 48ರಲ್ಲಿ ಹೋಗಿ ಅಡಗಿ ಕೂರತ್ತೆ. ಆಡ್-ಇನ್ ನೀವು ಯಾವ ಕಾಲಂ ತೋರಿಸಿದ್ರೂ ಸುಮ್ಮನೆ ನುಂಗತ್ತೆ, ಕೇಳಲ್ಲ.

ಮೊದಲ ಒಂದೇ ಅಂಕಿ ನೋಡಿ ಪ್ರಯೋಜನ ಕಮ್ಮಿ, ಮೊದಲ ಎರಡು ಅಂಕಿ ನೋಡ್ಬೇಕು. ಅದಕ್ಕೆ ಆಡ್-ಇನ್ನೇ ಬೇಕು ಅಂತೇನಿಲ್ಲ, C ಕಾಲಮಲ್ಲಿ ಬಿಲ್ ಮೊತ್ತ, E ಕಾಲಮಲ್ಲಿ 10ರಿಂದ 99ರ ಪಟ್ಟಿ ಇದ್ರೆ ಇಷ್ಟೇ:

```
=VALUE(LEFT(INT(C2),2))
=LOG10(1+1/E2)
```

ಮೊದಲನೇದು ಪ್ರತಿ ಬಿಲ್ಲಿನ ಮೊದಲ ಎರಡು ಅಂಕಿ, ಎರಡನೇದು ಆ ಜೋಡಿ ಎಷ್ಟು ಪಾಲು ಬರ್ಬೇಕು ಅನ್ನೋದು. ಪಿವಟ್ ಹಾಕಿ ಎರಡೂ ಪಕ್ಕ ಪಕ್ಕ ಇಟ್ರೆ ಆಯ್ತು.

ಈಗ ಅದೇ ನಾಲ್ಕು ಸಾವಿರ ಸಾಲಿನ ಕಥೆ. 49ರ ಪಾಲು 0.88 ಪರ್ಸೆಂಟ್, ಅಂದ್ರೆ 35 ಬಿಲ್. ಇದ್ದದ್ದು 91. ಆ ಸೊಸೈಟೀಲಿ ಕಾರ್ಯದರ್ಶಿ ಒಬ್ಬರೇ ಸಹಿ ಹಾಕಿ ಪಾಸ್ ಮಾಡೋ ಮಿತಿ 50 ಸಾವಿರ, ಅದರ ಮೇಲೆ ಕಮಿಟಿ ಮುಂದೆ ಹೋಗ್ಬೇಕು. ಸಾಲುಗಳನ್ನ ಬಿಡಿಸಿ ನೋಡಿದೆ: 490 ರೂಪಾಯಿ, 4,900 ರೂಪಾಯಿ ಥರದವು 22, ಅವು ಎಲ್ಲರ ಲೆಕ್ಕದಲ್ಲೂ ಇರ್ತವೆ. ಉಳಿದ 69 ಎಲ್ಲ 49 ಸಾವಿರದ ಮೇಲೆ, 50ರ ಕೆಳಗೆ. ಅದರಲ್ಲಿ 38 ಒಬ್ಬನೇ ರಿಪೇರಿ ಕಂಟ್ರಾಕ್ಟರದ್ದು. ಬಿಲ್ ನಂಬರ್ ಜೋಡಿಸಿದ್ರೆ 61ರಿಂದ 98, ನಡುವೆ ಒಂದೂ ಬಿಟ್ಟುಹೋಗಿಲ್ಲ! ವರ್ಷಪೂರ್ತಿ ಆ ಮನುಷ್ಯ ಬೇರೆ ಯಾರಿಗೂ ಒಂದು ಬಿಲ್ಲೂ ಕೊಟ್ಟಿಲ್ಲ ಅಂತಾಯ್ತು. ಒಟ್ಟು ಹತ್ತಿರತ್ತಿರ 19 ಲಕ್ಷ, 20 ಲಕ್ಷ ದಾಟಿಲ್ಲ, ಹಾಗಾಗಿ ಜಿಎಸ್‌ಟಿ ನಂಬರೂ ಇಲ್ಲ, ಪೋರ್ಟಲಲ್ಲಿ ತಾಳೆ ನೋಡೋಕೆ ಏನೂ ಸಿಗಲ್ಲ.

ಇಲ್ಲೀವರೆಗೆ ಆದದ್ದು ಬರೀ ಅನುಮಾನ. ಒಂದು ದೊಡ್ಡ ಕೆಲಸವನ್ನ ಕಮಿಟಿ ತಪ್ಪಿಸೋಕೆ ತುಂಡು ಮಾಡಿದ್ರೂ ಅಂಕಿ ಹೀಗೇ ಬರತ್ತೆ, ಆಗದ ಕೆಲಸಕ್ಕೆ ಬಿಲ್ ಬರೆದ್ರೂ ಹೀಗೇ ಬರತ್ತೆ. ಮೊದಲನೇದು ನಿಯಮ ಮುರಿದದ್ದು, ಎರಡನೇದು ಕಳ್ಳತನ, ಗ್ರಾಫ್ ನೋಡಿ ಇದು ಅದು ಅಂತ ಹೇಳೋಕಾಗಲ್ಲ. ನಮಗೆ ಬೇರೆ ಮಾಡಿಕೊಟ್ಟದ್ದು ತಾರೀಕು. 38ರಲ್ಲಿ 11 ಬಿಲ್ ಜುಲೈ-ಆಗಸ್ಟ್ ತಿಂಗಳದ್ದು, ಹೊಸನಗರ ಕಡೆ ಗೋಡೌನಿನ ಹೊರಗೋಡೆಗೆ ಪೇಂಟ್ ಅಂತ. ಹೊಸನಗರದಲ್ಲಿ ಆಷಾಢದ ಮಳೇಲಿ ಹೊರಗೋಡೆಗೆ ಪೇಂಟ್! ಬಯಲುಸೀಮೆಯ ಆಡಿಟರ್ ಆಗಿದ್ರೆ ಇದನ್ನ ದಾಟಿಕೊಂಡು ಹೋಗ್ತಿದ್ದನೋ ಏನೋ. ಹೋಗಿ ನೋಡಿದ್ರೆ ಗೋಡೆ ತುಂಬಾ ಪಾಚಿ, ಅದರಡಿ ಹಳೇ ಸುಣ್ಣ. ಮಾಡಿನ ಶೀಟ್ ಮಾತ್ರ ನಿಜವಾಗ್ಲೂ ಬದಲಾಯಿಸಿದ್ರು, ಆ ಬಿಲ್ಲುಗಳು ತುಂಡು ಮಾಡಿದವು ಅಷ್ಟೆ. ರಿಪೋರ್ಟಲ್ಲಿ ಎರಡನ್ನೂ ಬೇರೆ ಬೇರೆ ಬರೆದ್ವಿ.

ಇಷ್ಟಾದ ಮೇಲೆ ಆ ಬಟನ್ ಮೇಲಿನ ನನ್ನ ಸಿಟ್ಟು ಸ್ವಲ್ಪ ಇಳೀತು ಅನ್ನಿ. ನಾಲ್ಕು ಸಾವಿರ ವೋಚರಲ್ಲಿ ಎಲ್ಲಿ ಕೈ ಹಾಕ್ಬೇಕು ಅಂತ ತೋರಿಸ್ತಲ್ಲ, ಅಷ್ಟು ಸಾಕು. ಆದ್ರೆ ಸಣ್ಣ ಪಟ್ಟಿಗೆ ಇದನ್ನ ಹಾಕಬೇಡಿ, ಒಬ್ಬ ಪಾರ್ಟಿಯ ನಲವತ್ತು ಬಿಲ್ಲಿಗೆ ಬೆನ್‌ಫೋರ್ಡ್ ಅಂತ ಕೂತ್ರೆ ಕಾಣೋ ಏರಿಳಿತಕ್ಕೆ ಅರ್ಥಾನೇ ಇಲ್ಲ.

ಡೂಪ್ಲಿಕೇಟ್ ಬಟನ್ ಬಗ್ಗೆ ಹೇಳ್ಲೇಬೇಕು, ಯಾಕಂದ್ರೆ ಮೊದಲನೇ ಪರೀಕ್ಷೆಗೆ ಪೂರ್ತಿ ಕುರುಡಾದ ಒಂದು ಜಾಗ ಇದೆ. ನಿಜವಾದ ಬಿಲ್ಲನ್ನೇ ಇನ್ನೊಂದ್ಸಲ ಹಾಕಿ ದುಡ್ಡು ತೆಗೆದ್ರೆ ಆ ಮೊತ್ತ ಸಹಜವಾದ್ದೇ, ಅಂಕಿ ಏನೂ ಕದಲಲ್ಲ. ಅದಕ್ಕೆ ಉಲ್ಟಾನೂ ಇದೆ. 1993ರಲ್ಲಿ ಅಮೆರಿಕದ ಅರಿಜೋನಾ ರಾಜ್ಯದ ಖಜಾನೆ ಕಚೇರಿಯ ಮ್ಯಾನೇಜರ್ ಒಬ್ಬ ಇಲ್ಲದ ಪಾರ್ಟಿಗೆ 23 ಚೆಕ್ ಬರೆದು ಸುಮಾರು 19 ಲಕ್ಷ ಡಾಲರ್ ಎಳೆದಿದ್ದ, ಮೊತ್ತಗಳು ಒಂದರ ಹಾಗೆ ಇನ್ನೊಂದಿಲ್ಲ, ಡೂಪ್ಲಿಕೇಟ್ ಹುಡುಕಿದ್ರೆ ಏನೂ ಸಿಗ್ತಿರಲಿಲ್ಲ, ಆದ್ರೆ ಹೆಚ್ಚಿನವು ಒಂದು ಲಕ್ಷ ಡಾಲರಿಗೆ ಸ್ವಲ್ಪ ಕೆಳಗೆ, ನೂರಕ್ಕೆ ತೊಂಬತ್ತರ ಮೇಲೆ 7, 8, 9ರಿಂದ ಶುರು. ಹಾಗಾಗಿ ಎರಡೂ ಹಾಕ್ಬೇಕು.

ಆಡ್-ಇನ್ ಇಲ್ಲೂ ಅರ್ಧ ಕೆಲಸ ಮಾತ್ರ ಮಾಡತ್ತೆ, ಅಕ್ಷರ ಅಕ್ಷರ ಒಂದೇ ಇದ್ರೆ ಮಾತ್ರ ಹಿಡಿಯತ್ತೆ. ಒಂದು ಲಾರಿ ಬಾಡಿಗೆ ಬಿಲ್ `GT/0147/23-24` ಅಂತ ನವೆಂಬರಲ್ಲಿ ಎಂಟ್ರಿ ಆಗಿತ್ತು, ಅದೇ ಮಾರ್ಚಲ್ಲಿ ಬರೀ `147` ಅಂತ, ಅದೂ ಪಾರ್ಟಿ ಹೆಸರು ಬೇರೆ: ಒಂದು ಟ್ರಾನ್ಸ್‌ಪೋರ್ಟ್ ಹೆಸರು, ಇನ್ನೊಂದು ಮಾಲೀಕರ ಹೆಸರು. ಎರಡೂ 27,450. ಮಷೀನಿಗೆ ಇವು ಸಂಬಂಧವೇ ಇಲ್ಲದ ಎರಡು ಬಿಲ್. ನಾನು ಮಾಡೋದು ಏನಂದ್ರೆ, ಬಿಲ್ ನಂಬರಲ್ಲಿ ಮೊದಲು ವರ್ಷದ ಭಾಗ ತೆಗೀತೀನಿ (ಸ್ಲ್ಯಾಶ್ ಮೊದಲು ತೆಗೆದ್ರೆ ವರ್ಷ ನಂಬರಿಗೇ ಅಂಟಿಕೊಳ್ಳತ್ತೆ), ಆಮೇಲೆ ಅಕ್ಷರ, ಸ್ಲ್ಯಾಶ್, ಮುಂದಿನ ಸೊನ್ನೆ. ಪಾರ್ಟಿ ಹೆಸರಿನ ಬದಲು ಬ್ಯಾಂಕ್ ಖಾತೆ ನಂಬರ್. A ಖಾತೆ, C ಮೊತ್ತ, D ಕ್ಲೀನ್ ಮಾಡಿದ ನಂಬರ್ ಆದ್ರೆ, G ಕಾಲಮಲ್ಲಿ ಒಂದು ಕೀ, ಅದರ ಎಣಿಕೆ ಪಕ್ಕದಲ್ಲಿ:

```
="x"&A2&"|"&TEXT(C2,"0.00")&"|"&D2
=COUNTIF(G:G,G2)
```

ಆ ಮುಂದಿನ x ಸುಮ್ಮನೆ ಹಾಕಿದ್ದಲ್ಲ. COUNTIF ಬರೀ ಅಂಕಿ ಇರೋ ಪಠ್ಯವನ್ನೂ ಸಂಖ್ಯೆ ಅಂತಲೇ ಓದತ್ತೆ, ಹದಿನೈದು ಅಂಕಿ ಆದ ಮೇಲೆ ಮಿಕ್ಕದ್ದು ಅದಕ್ಕೆ ಲೆಕ್ಕಕ್ಕಿಲ್ಲ, ಬರೀ ಖಾತೆ ನಂಬರ್ ಕೊಟ್ರೆ ಹದಿನಾರು ಅಂಕಿಯ ಬೇರೆ ಬೇರೆ ಖಾತೆಗಳೂ ಒಂದೇ ಅನ್ಸತ್ತೆ.

ಈ ಎಣಿಕೆ 2 ಅಂತ ಬಂದ ಕೂಡ್ಲೇ ಹಾರಬೇಡಿ. ನೆಫ್ಟ್ ವಾಪಸ್ ಬಂದು ಮತ್ತೆ ಕಳಿಸಿದ್ದೂ ಹಾಗೇ ಕಾಣತ್ತೆ, ಬ್ಯಾಂಕ್ ಸ್ಟೇಟ್‌ಮೆಂಟಲ್ಲಿ ರಿಟರ್ನ್ ಜಮಾ ಇದೆಯಾ ನೋಡಿ. ಕೊನೇಲಿ ಬಿಲ್ ನಂಬರ್ ಬಿಟ್ಟು ಬರೀ ಖಾತೆ, ಮೊತ್ತ ಇಟ್ಕೊಂಡು ಇನ್ನೊಂದ್ಸಲ ಓಡಿಸ್ತೀನಿ, ನಂಬರೇ ಬದಲಾಯಿಸಿ ಹಾಕಿರೋವು ಅಲ್ಲಿ ಬರ್ತವೆ. ಅದರಲ್ಲಿ 10,000, 15,000 ಥರ ದುಂಡು ಮೊತ್ತ ಕೊನೆಗೆ ನೋಡಿದ್ರೂ ನಡೆಯತ್ತೆ, 27,450 ಥರದ್ದು ಎರಡು ಸಲ ಕಂಡ್ರೆ ಮೊದಲು ಅದರ ತೂಕದ ಚೀಟಿ ಕೇಳ್ತೀನಿ. ಆ ಲಾರಿಗೆ ಒಂದೇ ಚೀಟಿ ಇತ್ತು.

ಐದಕ್ಕೆ ಎರಡೂವರೆ ಸ್ಟಾರ್. ಅರ್ಧ ಸ್ಟಾರ್ ಗ್ರಾಫ್ ಚೆನ್ನಾಗಿ ಪ್ರಿಂಟ್ ಆಗತ್ತೆ ಅಂತ, ಕಮಿಟಿಯವರಿಗೆ ಟೇಬಲ್ ತೋರಿಸಿದ್ರೆ ಯಾರೂ ನೋಡಲ್ಲ. ವರ್ಷಕ್ಕೆ ಐವತ್ತು ಕ್ಲೈಂಟ್ ಇರೋ ಆಫೀಸಾದ್ರೆ ತಗೊಳ್ಳಿ, ನಮ್ಮಷ್ಟು ಸಣ್ಣದಾದ್ರೆ ಮೇಲಿನ ನಾಲ್ಕು ಸಾಲು ಫಾರ್ಮುಲಾ ಸಾಕು. ನಮ್ಮ ಸಾಹೇಬ್ರು ಈ ಏಪ್ರಿಲಿಗೆ ರಿನ್ಯೂ ಮಾಡೋಣ ಅಂತಿದಾರೆ, ನಾನು "ಹೈ ರಿಸ್ಕ್" ಅನ್ನೋದನ್ನ ಆಫ್ ಮಾಡೋ ಆಪ್ಶನ್ ಕೊಟ್ರೆ ಮಾತ್ರ ಅಂತ ಸಪೋರ್ಟಿಗೆ ಮೇಲ್ ಹಾಕಿದೀನಿ, ಉತ್ತರ ಬಂದಿಲ್ಲ.